ಪಿಂಚಣಿ ಕಮ್ಯುಟೇಶನ್: ತಿಂಗಳಿಗೆ 10,000 ಬಿಟ್ಟು ಒಟ್ಟಿಗೆ 9.83 ಲಕ್ಷ ತಗೊಳ್ಳಬಹುದಾ?

ಮಡಿಕೇರಿ ಸದಸ್ಯ: ಮೇಡಂ, ಕೇಂದ್ರ ಸರ್ಕಾರಿ ಕೆಲಸದಿಂದ 60ಕ್ಕೆ ನಿವೃತ್ತನಾಗಿ ಹತ್ತು ತಿಂಗಳಾಯಿತು. ಮೂಲ ಪಿಂಚಣಿ 25,000. ಆಗ ಕಮ್ಯುಟೇಶನ್ ಬೇಡ ಅಂದಿದ್ದೆ. ಹೋದ ತಿಂಗಳು ಸ್ಟೆಂಟ್ ಹಾಕಿದರು. ಹೆಂಡತಿಗೆ ಬೇರೆ ಆದಾಯ ಇಲ್ಲ. ಈಗ ತಗೊಳ್ಳೋದು ಸರಿಯಾ?

ನಿವೃತ್ತ ಲೆಕ್ಕಾಧಿಕಾರಿ: ಲೆಕ್ಕಕ್ಕಿಂತ ಮೊದಲು ತಾರೀಖು ನೋಡಿ ಸರ್. ನಿವೃತ್ತಿಯಾಗಿ ಒಂದು ವರ್ಷದೊಳಗೆ ಅರ್ಜಿ ಕಚೇರಿಗೆ ತಲುಪಿದರೆ ವೈದ್ಯಕೀಯ ತಪಾಸಣೆ ಇಲ್ಲ. ದಾಟಿದರೆ ಇದೆ. ಸ್ಟೆಂಟ್ ಆದವರಿಗೆ ಅಲ್ಲಿ ತೊಂದರೆ ಆಗಬಹುದು. 61ನೇ ಹುಟ್ಟುಹಬ್ಬಕ್ಕೂ ಮೊದಲೇ ಕೊಡಿ. ಆಮೇಲೆ ಒಟ್ಟು ಮೊತ್ತ ಲೆಕ್ಕ ಹಾಕುವ ಗುಣಕ 8.194ರಿಂದ 8.093ಕ್ಕೆ ಇಳಿಯುತ್ತದೆ.

ಈಗ ಲೆಕ್ಕ. ಪಿಂಚಣಿಯಲ್ಲಿ ಬಿಟ್ಟುಕೊಡುವ 40% ಅಂದರೆ ತಿಂಗಳಿಗೆ 10,000. ಅದನ್ನು 12ರಿಂದ, ಮತ್ತೆ 8.194ರಿಂದ ಗುಣಿಸಿದರೆ 9,83,280. ನೀವು ಬಿಟ್ಟುಕೊಡುವುದು 15 ವರ್ಷ, ತಿಂಗಳಿಗೆ 10,000. ಅದನ್ನು ಸುಮ್ನೆ ಕೂಡಿ 18 ಲಕ್ಷ ಅನ್ನಬೇಡಿ. ಹತ್ತು ವರ್ಷ ಬಿಟ್ಟು ಬರುವ 10,000 ಸಿಗಲು ಇವತ್ತು 7% ಬಡ್ಡಿಗೆ ಸುಮಾರು 5,000 ಇಟ್ಟರೆ ಸಾಕು. ಹಾಗೆ 180 ಕಂತನ್ನೂ ಇವತ್ತಿನ ಬೆಲೆಗೆ ಇಳಿಸಿ ಕೂಡಿದರೆ 11.13 ಲಕ್ಷ ಬರುತ್ತದೆ. ಕೈಗೆ ಸಿಗುವುದು 9.83. ಅಂದರೆ 1.3 ಲಕ್ಷ ಕಡಿಮೆ.

ಆರೋಗ್ಯ ಚೆನ್ನಾಗಿದ್ದವರಿಗೆ ನಾನು ಇಲ್ಲೇ ನಿಲ್ಲಿಸುತ್ತಿದ್ದೆ. ನಿಮಗೆ ಹಾಗಲ್ಲ. ಪಿಂಚಣಿದಾರರು 15 ವರ್ಷದೊಳಗೆ ತೀರಿಕೊಂಡರೆ ಉಳಿದ ಕಂತನ್ನು ಮನೆಯವರಿಂದ ವಸೂಲು ಮಾಡುವುದಿಲ್ಲ. ಕುಟುಂಬ ಪಿಂಚಣಿಯೂ ಕಮ್ಯುಟೇಶನ್‌ನಿಂದ ಕಡಿಮೆ ಆಗುವುದಿಲ್ಲ. 7% ಲೆಕ್ಕದಲ್ಲಿ ನೀವು 12 ವರ್ಷ ಎರಡು-ಮೂರು ತಿಂಗಳು ದಾಟಿದ ಮೇಲೆ ಮಾತ್ರ ನಷ್ಟ ಶುರುವಾಗುತ್ತದೆ. ಅದಕ್ಕಿಂತ ಮೊದಲಾದರೆ ಲಾಭ ಹೆಂಡತಿಗೆ. ನೀವು ನೂರು ವರ್ಷ ಬಾಳಿ, ಆದರೆ ಅವರ ಕೈಯಲ್ಲಿ ದುಡ್ಡಿರಲಿ. ನಾನಾದರೆ ತಗೊಳ್ಳುತ್ತೇನೆ. ತುಟ್ಟಿಭತ್ಯೆ ಪೂರ್ತಿ 25,000ದ ಮೇಲೇ ಬರುತ್ತದೆ, ಆ ಚಿಂತೆ ಬೇಡ.

ಸೋಮವಾರಪೇಟೆ ಸದಸ್ಯ: ವಾಟ್ಸಾಪ್‌ನಲ್ಲಿ ಬಂದಿದೆ, 8.194 ಅಂದರೆ 8 ವರ್ಷ 2 ತಿಂಗಳಿಗೆ ಸಾಲ ತೀರುತ್ತದಂತೆ. ಆಮೇಲೆ ಹಿಡಿಯುವುದು ಅನ್ಯಾಯ ಅಲ್ವಾ?

ಲೆಕ್ಕಾಧಿಕಾರಿ: ಬಡ್ಡಿಯೇ ಇಲ್ಲದಿದ್ದರೆ ಸರಿ. 8% ಬಡ್ಡಿ ಹಾಕಿದರೆ ತೀರಲು 13 ವರ್ಷ 4 ತಿಂಗಳು ಬೇಕು. ಉಳಿದ 20 ತಿಂಗಳು, ಬೇಗ ತೀರಿಕೊಂಡವರ ಬಾಕಿ ತುಂಬಲು.

ಸೋಮವಾರಪೇಟೆ ಸದಸ್ಯ: ಅಂದರೆ ಬದುಕಿದವನು ಸತ್ತವನ ಬಾಕಿ ಕಟ್ಟಬೇಕಾ?

ಲೆಕ್ಕಾಧಿಕಾರಿ: ಹೌದು. ವಿಮೆ ಕೆಲಸ ಮಾಡುವುದೇ ಹಾಗೆ. ಇದನ್ನೇ ನಂಬಿ ಕೋರ್ಟಿಗೆ ಹೋಗಿ ದುಡ್ಡು ಕಳೆಯಬೇಡಿ.

ಗೋಣಿಕೊಪ್ಪ ತೋಟದವರು: 9.83 ಲಕ್ಷ ಬ್ಯಾಂಕಿನಲ್ಲಿ ಯಾಕೆ ಮಲಗಿಸಬೇಕು? ರೊಬಸ್ಟಾ ತೋಟಕ್ಕೆ ಹಾಕಿ, ಮೆಣಸು ಬಳ್ಳಿ ಹಬ್ಬಿಸಿ. ಈಗಿನ ರೇಟಿಗೆ ಬ್ಯಾಂಕ್ ಬಡ್ಡಿ ಏನು ಲೆಕ್ಕ?

ವಿರಾಜಪೇಟೆ ಸದಸ್ಯೆ: ಅಣ್ಣ, ಈಗಿನ ರೇಟು 15 ವರ್ಷ ನಿಲ್ಲುತ್ತದಾ? ಹೂಮಳೆ ತಪ್ಪಿದ ವರ್ಷ ನಮ್ಮ ಮನೆಯಲ್ಲಿ ಕೂಲಿಗೂ ಹುಟ್ಟಲಿಲ್ಲ.

ಗೋಣಿಕೊಪ್ಪ ತೋಟದವರು: ಸ್ಪ್ರಿಂಕ್ಲರ್ ಹಾಕದವರು ಮಳೆಯನ್ನು ಬೈಯಬೇಡಿ.

ವಿರಾಜಪೇಟೆ ಸದಸ್ಯೆ: ನೀರಿದ್ದವರು ಹೇಳುವ ಮಾತು ಅದು. ನಮ್ಮ ಕೆರೆ ಫೆಬ್ರವರಿಗೇ ಬತ್ತುತ್ತದೆ.

ಲೆಕ್ಕಾಧಿಕಾರಿ: ಜಗಳ ಬೇರೆ ಕಡೆ ಆಡಿ. ಬದುಕಿದ್ದವರಿಗೆ ಕಮ್ಯುಟೇಶನ್ ದುಡ್ಡು 9% ಚಿಲ್ಲರೆಗೆ ತಂದ ಸಾಲದ ಹಾಗೆ. 11% ಸಾಲ ಇದ್ದರೆ ಇದರಿಂದ ತೀರಿಸುವುದು ಲೆಕ್ಕಕ್ಕೆ ಸರಿ. ಸ್ಟೆಂಟ್ ಹಾಕಿದವರ ಹೆಂಡತಿಯ ದುಡ್ಡನ್ನು ತೋಟದ ರೇಟಿಗೆ ಕಟ್ಟುವುದು ಸರಿಯಲ್ಲ.

ಕುಶಾಲನಗರ, ಮಾಜಿ ಸೈನಿಕ: ಮೇಡಂ, ನಾನು ಸೇನೆಯಿಂದ 39ಕ್ಕೆ ಬಂದೆ. 50% ಕಮ್ಯೂಟ್ ಮಾಡಿದ್ದೇನೆ. ನನ್ನದು ಲಾಭವೋ ನಷ್ಟವೋ?

ಶನಿವಾರಸಂತೆ ಸದಸ್ಯ: ಎನ್‌ಪಿಎಸ್‌ನವರಿಗೂ ಇದೇ 15 ವರ್ಷವಾ?

ನಾಪೋಕ್ಲು ಸದಸ್ಯ: 18 ಲಕ್ಷ ಕೊಟ್ಟು 9.83 ಲಕ್ಷ ತಗೊಳ್ಳುವುದು ಹಗಲು ದರೋಡೆ ಅಂತ ಒಂದು ಮೆಸೇಜ್ ಬಂದಿದೆ, ಎಲ್ಲರೂ ಓದಿ.

ಲೆಕ್ಕಾಧಿಕಾರಿ: ಮೇಲೆ ಉತ್ತರ ಇದೆ.

ನಾಪೋಕ್ಲು ಸದಸ್ಯ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಲೆಕ್ಕಾಧಿಕಾರಿ: ನೀವು ಕೇಳಲಿಲ್ಲ, ಫಾರ್ವರ್ಡ್ ಮಾಡಿದಿರಿ. ಇಂಥ ಮೆಸೇಜ್ ನೋಡಿಯೇ ಜನ ಒಂದು ವರ್ಷ ಕಳೆದುಬಿಡುತ್ತಾರೆ. ಮಡಿಕೇರಿಯವರೇ, ಹುಟ್ಟುಹಬ್ಬ ಯಾವಾಗ?

ಮಡಿಕೇರಿ ಸದಸ್ಯ: ಇನ್ನು 34 ದಿನ ಇದೆ ಮೇಡಂ. ನಾನೂ ಅದೇ ಮೆಸೇಜ್ ನೋಡಿ ಬೇಡ ಅಂದಿದ್ದೆ.

ಲೆಕ್ಕಾಧಿಕಾರಿ: ಹಾಗಾದರೆ ಸೋಮವಾರವೇ ಹೋಗಿ. ಅರ್ಜಿ ಕೊಟ್ಟು, ತಾರೀಖಿನ ಸೀಲ್ ಇರುವ ಸ್ವೀಕೃತಿ ಪಡೆಯದೆ ಕಚೇರಿ ಬಿಡಬೇಡಿ.