ಗಂಟೆಗಳು ಒಟ್ಟಿಗೆ ಬಾರಿಸುವ ಲೆಕ್ಕ: ಲಸಾಅ ಸರಿ ಬಂದರೂ ಉತ್ತರ ತಪ್ಪುತ್ತಿದೆ

ಮಳೆಬಿಲ್ಲು_ಹಾಸನ

ಎಸ್‌ಡಿಎ ಪರೀಕ್ಷೆಯ ಅಭ್ಯಾಸದಲ್ಲಿ ಎರಡು ಲೆಕ್ಕ ಕೈಕೊಡುತ್ತಿವೆ.

ಮೊದಲನೆಯದು: ನಾಲ್ಕು ಗಂಟೆಗಳು ಕ್ರಮವಾಗಿ 6, 8, 12, 18 ನಿಮಿಷಗಳಿಗೊಮ್ಮೆ ಬಾರಿಸುತ್ತವೆ. ಬೆಳಿಗ್ಗೆ 6:00ಕ್ಕೆ ನಾಲ್ಕೂ ಒಟ್ಟಿಗೆ ಬಾರಿಸಿದವು. 6:00ರಿಂದ ಮಧ್ಯಾಹ್ನ 12:00ರವರೆಗೆ ಎಷ್ಟು ಸಲ ಒಟ್ಟಿಗೆ ಬಾರಿಸುತ್ತವೆ? ಲಸಾಅ 72. 360 ನಿಮಿಷವನ್ನು 72ರಿಂದ ಭಾಗಿಸಿದರೆ 5. ಆದರೆ ಕೊಟ್ಟಿರುವ ಉತ್ತರ 6.

ಎರಡನೆಯದು: ಒಂದು ಗಂಟೆ 6 ನಿಮಿಷಕ್ಕೊಮ್ಮೆ, ಮೊದಲ ಸಲ 9:02ಕ್ಕೆ. ಇನ್ನೊಂದು 8 ನಿಮಿಷಕ್ಕೊಮ್ಮೆ, ಮೊದಲ ಸಲ 9:04ಕ್ಕೆ. ಎರಡೂ ಮೊದಲ ಬಾರಿಗೆ ಒಟ್ಟಿಗೆ ಬಾರಿಸುವುದು ಯಾವಾಗ? ಲಸಾಅ 24 ಅಂತ 9:02ಕ್ಕೆ 24 ಕೂಡಿಸಿ 9:26 ಬರೆದೆ. ಉತ್ತರ 9:20 ಅಂತಿದೆ. ಲಸಾಅ ತೆಗೆಯುವುದರಲ್ಲಿ ತಪ್ಪಿಲ್ಲ, ಎರಡು ಸಲ ನೋಡಿದ್ದೇನೆ.

ಪೇಡಾ_ಪ್ರಿಯ

ಸುಲಭ ಇದೆ. ಗಂಟೆ ಲೆಕ್ಕದಲ್ಲಿ ಯಾವಾಗಲೂ ಕೊನೆಗೆ 1 ಕೂಡಿಸಬೇಕು, 5+1=6. ಎರಡನೆಯದಕ್ಕೆ ಸೂತ್ರ ಇದೆ: 6−2=4, 8−4=4, ಲಸಾಅದಿಂದ ಆ 4 ಕಳೆಯಿರಿ, 24−4=20. ಅಂದರೆ 9:20. ಇವೆರಡನ್ನು ಬಾಯಿಪಾಠ ಮಾಡಿಕೊಂಡರೆ ಸಾಕು.

ಸ್ಲೇಟು_ಬಳಪ

ಎರಡೂ ಉತ್ತರ ಸರಿ, ಆದರೆ "ಯಾವಾಗಲೂ" ಎನ್ನುವುದು ಸರಿಯಲ್ಲ. ಹಾಗೆ ಬಾಯಿಪಾಠ ಮಾಡಿದವರನ್ನು ಬೀಳಿಸಲೆಂದೇ ಪ್ರಶ್ನೆಯ ಮಾತನ್ನು ಸ್ವಲ್ಪ ತಿರುಗಿಸಿ ಕೊಡುತ್ತಾರೆ.

ಮೊದಲ ಲೆಕ್ಕದಲ್ಲಿ ಒಟ್ಟಿಗೆ ಬಾರಿಸುವ ಹೊತ್ತುಗಳನ್ನೇ ಬರೆದು ನೋಡಿ: 6:00, 7:12, 8:24, 9:36, 10:48, 12:00. ಭಾಗಿಸಿದಾಗ ಬಂದ 5 ಎಂಬುದು ಈ ಹೊತ್ತುಗಳ ನಡುವಿನ ಅಂತರಗಳ ಎಣಿಕೆ. ಐದು ಅಂತರಕ್ಕೆ ಆರು ಹೊತ್ತು. ಆ ಹೆಚ್ಚುವರಿ ಒಂದು ಬಂದದ್ದು 6:00ರ ಬಾರಿಸುವಿಕೆಯಿಂದ. ಅದನ್ನು ಎಣಿಸಲು ಪ್ರಶ್ನೆ ಹೇಳಿದರೆ ಮಾತ್ರ 1 ಕೂಡಿಸಬೇಕು. "ಅನಂತರ 12:00ರವರೆಗೆ ಇನ್ನೆಷ್ಟು ಸಲ" ಅಂತ ಕೇಳಿದ್ದರೆ ಉತ್ತರ ನಿಮ್ಮ 5.

ಇನ್ನೊಂದು ಬಗೆ ನೋಡಿ. ಅವೇ ಗಂಟೆಗಳು, 6:00ಕ್ಕೇ ಒಟ್ಟಿಗೆ ಬಾರಿಸಿದ್ದು. ಆದರೆ "7:15ರಿಂದ 9:30ರೊಳಗೆ ಎಷ್ಟು ಸಲ?" ಎಂಬ ಪ್ರಶ್ನೆ. ಅವಧಿ 135 ನಿಮಿಷ. 72ರಿಂದ ಭಾಗಿಸಿದರೆ 1, ಒಂದು ಕೂಡಿಸಿದರೆ 2. ಆದರೆ ಮೇಲಿನ ಪಟ್ಟಿಯಲ್ಲಿ ಆ ನಡುವೆ ಇರುವುದು 8:24 ಒಂದೇ. ಎಣಿಕೆ ಶುರುವಾಗುವ 7:15ಕ್ಕೆ ಗಂಟೆಗಳು ಒಟ್ಟಿಗೆ ಬಾರಿಸಿಯೇ ಇಲ್ಲವಾದ್ದರಿಂದ ಆ ಹೆಚ್ಚುವರಿ ಒಂದಕ್ಕೆ ಇಲ್ಲಿ ಜಾಗವಿಲ್ಲ. ಇಂಥ ಕಡೆ ಯಾವಾಗಲೂ 6:00ರಿಂದಲೇ ಎಣಿಸಿ. 9:30ರವರೆಗೆ 210 ನಿಮಿಷ, ಅದರಲ್ಲಿ 72 ಎರಡು ಸಲ. 7:15ರವರೆಗೆ 75 ನಿಮಿಷ, ಅದರಲ್ಲಿ ಒಂದು ಸಲ. ಎರಡರಲ್ಲಿ ಒಂದು ಕಳೆದರೆ 1.

ಮಳೆಬಿಲ್ಲು_ಹಾಸನ

ಮೊದಲನೆಯದು ಅರ್ಥವಾಯಿತು ಸರ್. ಎರಡನೆಯದರಲ್ಲಿ ಏಕೆ ಕಳೆಯಬೇಕು? 24 ನಿಮಿಷಕ್ಕೊಮ್ಮೆ ಸೇರುತ್ತವೆ ಅಂದಮೇಲೆ 9:26 ಯಾಕಾಗಬಾರದು?

ಸ್ಲೇಟು_ಬಳಪ

ಮೊದಲು 9:26 ಅನ್ನು ತಾಳೆ ನೋಡಿ. 6 ನಿಮಿಷದ ಗಂಟೆಗೆ ಅದು ಸರಿಯೇ, 9:02ರಿಂದ 24 ನಿಮಿಷ. ಎಂಟರದಕ್ಕೆ 9:04ರಿಂದ 22 ನಿಮಿಷ. 22ರಲ್ಲಿ 8 ಸಮನಾಗಿ ಹೋಗುವುದಿಲ್ಲ. ಆಗ ಅದು ಬಾರಿಸುವುದೇ ಇಲ್ಲ. ಇಂಥ ಉತ್ತರ ಬಂದಾಗ ಪ್ರತಿ ಗಂಟೆಯ ಮೊದಲ ಹೊತ್ತಿನಿಂದ ಕಳೆದು ಭಾಗಿಸಿ ನೋಡಿದರೆ ತಪ್ಪು ಆ ಕ್ಷಣವೇ ಸಿಗುತ್ತದೆ.

24 ಎಂಬುದು ಒಮ್ಮೆ ಸೇರಿದ ಮೇಲೆ ಮತ್ತೆ ಸೇರಲು ಬೇಕಾದ ಅವಧಿ. ಮೊದಲ ಸಲ ಸೇರುವುದು ಯಾವಾಗ ಎಂಬುದನ್ನು ಲಸಾಅ ಹೇಳುವುದೇ ಇಲ್ಲ. 9:02ಕ್ಕೆ ಅವು ಸೇರಿರಲಿಲ್ಲ, ಹಾಗಾಗಿ ಅಲ್ಲಿಂದ 24 ಎಣಿಸುವುದರಲ್ಲಿ ಅರ್ಥವಿಲ್ಲ.

ಈಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ. 9:02ಕ್ಕೆ 6 ನಿಮಿಷ ಹಿಂದೆ ಹೋದರೆ 8:56. 9:04ಕ್ಕೆ 8 ನಿಮಿಷ ಹಿಂದೆ ಹೋದರೂ 8:56. ಮುಂಚೆಯೇ ಶುರುವಾಗಿದ್ದರೆ ಎರಡೂ 8:56ಕ್ಕೆ ಸೇರುತ್ತಿದ್ದವು. ಅಲ್ಲಿಂದ 24 ನಿಮಿಷಕ್ಕೆ 9:20. ಪೇಡಾ_ಪ್ರಿಯ ಅವರು ಕಳೆದ 4 ಇದೇ: 9:00ಕ್ಕೆ ನಾಲ್ಕು ನಿಮಿಷ ಹಿಂದಿನ ಜಾಗ. ಶೇಷದ ಲೆಕ್ಕವಾಗಿ ಬರೆದರೆ, 6ರಿಂದ ಭಾಗಿಸಿದಾಗ 2, 8ರಿಂದ ಭಾಗಿಸಿದಾಗ 4 ಶೇಷ ಉಳಿಸುವ ಅತಿ ಚಿಕ್ಕ ಸಂಖ್ಯೆ ಯಾವುದು ಎಂದಂತಾಯಿತು.

ಪೇಡಾ_ಪ್ರಿಯ

ಹಾಗಾದರೆ ನನ್ನ ಸೂತ್ರ ಸರಿಯೇ ಆಯಿತಲ್ಲ?

ಸ್ಲೇಟು_ಬಳಪ

ಎರಡು ವ್ಯತ್ಯಾಸಗಳೂ 4 ಆಗಿದ್ದಕ್ಕೆ ಸರಿಯಾಯಿತು. ಆರರದು 9:01ಕ್ಕೆ, ಎಂಟರದು 9:05ಕ್ಕೆ ಶುರುವಾದರೆ ವ್ಯತ್ಯಾಸ 5 ಮತ್ತು 3. ಯಾವುದನ್ನು ಕಳೆಯುತ್ತೀರಿ? ಆಗ ದೊಡ್ಡ ಅವಧಿಯ ಗಂಟೆಯ ನಿಮಿಷಗಳನ್ನು ಬರೆದುಕೊಂಡು ಚಿಕ್ಕದರಿಂದ ಭಾಗಿಸುತ್ತಾ ಹೋಗಬೇಕು. 5ನ್ನು 6ರಿಂದ ಭಾಗಿಸಿದರೆ ಶೇಷ 5, ನಮಗೆ ಬೇಕಾದದ್ದು 1. ಮುಂದಿನದು 13, ಶೇಷ 1. ಸಿಕ್ಕಿತು, 9:13. ಆಮೇಲೆ 24 ಕೂಡಿಸುತ್ತಾ 9:37, 10:01 ಹೀಗೆ.

ಮೂರನೇ ಗಂಟೆ ಬಂದರೂ ಇದೇ ದಾರಿ. ನಿಮ್ಮ ಮೂಲ ಲೆಕ್ಕಕ್ಕೆ 9:05ರಿಂದ 9 ನಿಮಿಷಕ್ಕೊಮ್ಮೆ ಬಾರಿಸುವುದೊಂದು ಸೇರಿತು ಅನ್ನಿ. ಮೊದಲ ಎರಡನ್ನು ಈಗ ಒಂದೇ ಗಂಟೆ ಅಂದುಕೊಳ್ಳಿ: 9:20ರಿಂದ 24 ನಿಮಿಷಕ್ಕೊಮ್ಮೆ. 20, 44, 68 ಇವನ್ನು 9ರಿಂದ ಭಾಗಿಸಿದರೆ ಶೇಷ 2, 8, 5. ಮೂರನೆಯದರಲ್ಲಿ 5 ಸಿಕ್ಕಿತು, ಹಾಗಾಗಿ 10:08. 24 ಮತ್ತು 9ರ ಲಸಾಅ 72, ಅದರಲ್ಲಿ 24 ಮೂರೇ ಸಲ ಇರುವುದರಿಂದ ಮೂರಕ್ಕಿಂತ ಹೆಚ್ಚು ಸಾಲು ಬರೆಯುವ ಅಗತ್ಯವೇ ಬರುವುದಿಲ್ಲ. ಮೂರರಲ್ಲೂ ಸಿಗದಿದ್ದರೆ ಎಂದಿಗೂ ಸಿಗದು.

ಮಳೆಬಿಲ್ಲು_ಹಾಸನ

ಎಂದಿಗೂ ಸಿಗದಿರುವುದೂ ಉಂಟಾ? ಲಸಾಅ ಅಂತೂ ಯಾವಾಗಲೂ ಇರುತ್ತದಲ್ಲ.

ಸ್ಲೇಟು_ಬಳಪ

ಉಂಟು. ಮಸಾಅ ಕೆಲಸಕ್ಕೆ ಬರುವುದು ಇಲ್ಲೇ. ಆರರದು 9:02ಕ್ಕೆ, ಎಂಟರದು 9:05ಕ್ಕೆ ಶುರುವಾಗಲಿ. ಮೊದಲನೆಯದು 2, 8, 14, 20... ಯಾವಾಗಲೂ ಸಮಸಂಖ್ಯೆಯ ನಿಮಿಷ. ಎರಡನೆಯದು 5, 13, 21, 29... ಯಾವಾಗಲೂ ಬೆಸ. ಇಡೀ ದಿನ ಕಾದರೂ ಸೇರುವುದಿಲ್ಲ. 6 ಮತ್ತು 8ರ ಮಸಾಅ 2. ಶುರುವಿನ ಹೊತ್ತುಗಳ ಅಂತರವನ್ನು ಮಸಾಅ ನಿಶ್ಶೇಷವಾಗಿ ಭಾಗಿಸಿದರೆ ಮಾತ್ರ ಎರಡು ಗಂಟೆಗಳು ಸೇರುತ್ತವೆ. ಇಲ್ಲಿ ಅಂತರ 3, ಭಾಗವಾಗದು. ಲಸಾಅ ತೆಗೆಯುವ ಮೊದಲೇ ಇದನ್ನು ನೋಡಿಬಿಟ್ಟರೆ ವ್ಯರ್ಥ ಶ್ರಮ ಉಳಿಯುತ್ತದೆ. ಎಲ್ಲ ಗಂಟೆಗಳೂ ಒಟ್ಟಿಗೆ ಶುರುವಾದಾಗ ಅಂತರ 0, ಹಾಗಾಗಿ ಪಠ್ಯದ ಲೆಕ್ಕಗಳಲ್ಲಿ ಈ ತೊಡಕು ಕಾಣಿಸುವುದೇ ಇಲ್ಲ.

ದ್ರಾಕ್ಷಿ_ಬಳ್ಳಿ

ನಂದು ಪರೀಕ್ಷಾ ಲೆಕ್ಕ ಅಲ್ಲರಿ, ತೋಟದ್ದು. ಒಂದೇ ಮೋಟರ್, ಎರಡು ಪ್ಲಾಟಿಗೆ ಡ್ರಿಪ್. ಒಂದು ವಾಲ್ವ್ 4 ತಾಸಿಗೊಮ್ಮೆ, ಇನ್ನೊಂದು 6 ತಾಸಿಗೊಮ್ಮೆ ತೆಗೀತದ, ತಲಾ 40 ನಿಮಿಷ. ಎರಡೂ ಕೂಡಿದಾಗ ಪ್ರೆಶರ್ ಬೀಳ್ತದ, ಕಡೀ ಸಾಲಿಗೆ ನೀರು ಮುಟ್ಟಂಗಿಲ್ಲ. ಎರಡೂ ಟೈಮರ್ ಮುಂಜಾನೆ 6ಕ್ಕೆ ಇಟ್ಟೀನಿ. ಎಷ್ಟು ತಾಸಿಗೆ ಕೂಡ್ತಾವು ಅಂತ ಲಸಾಅ ತೆಗೆದ್ರ 12 ಬಂತು. ಒಂದನ್ನ 20 ನಿಮಿಷ ಮುಂದ ಹಾಕಿದ್ರ ಆಗ್ತದೇನ್ರಿ?

ಪೇಡಾ_ಪ್ರಿಯ

12 ಸರಿ ಇದೆ ಅಣ್ಣಾ. ಮುಂಜಾನೆ 6, ಸಂಜೆ 6. 20 ನಿಮಿಷ ಮುಂದೆ ಹಾಕಿದರೆ ಒಟ್ಟಿಗೆ ಶುರುವಾಗುವುದಿಲ್ಲ, ಆಯಿತಲ್ಲ.

ಸ್ಲೇಟು_ಬಳಪ

ಆಗುವುದಿಲ್ಲ. ಗಂಟೆ ಒಂದು ಕ್ಷಣ ಬಾರಿಸಿ ನಿಲ್ಲುತ್ತದೆ, ವಾಲ್ವ್ 40 ನಿಮಿಷ ತೆರೆದಿರುತ್ತದೆ. 6:00ಕ್ಕೆ ತೆರೆದದ್ದು 6:40ರವರೆಗೆ ಇರುವುದರಿಂದ 6:20ರಿಂದ 6:40ರವರೆಗೆ ಎರಡೂ ಕೂಡುತ್ತವೆ.

ನಿಮಗೆ ಬೇಕಿರುವುದು ಸೇರುವ ಹೊತ್ತಲ್ಲ, ಸೇರದಂತೆ ಇಡುವ ಬಗೆ. ಅದಕ್ಕೆ ಮಸಾಅ ನೋಡಿ. 4 ಮತ್ತು 6ರ ಮಸಾಅ 2. ಅದರ ಅರ್ಧ, ಅಂದರೆ 1 ತಾಸು ಬಿಟ್ಟು ಎರಡನೆಯದನ್ನು 7:00ಕ್ಕೆ ಶುರು ಮಾಡಿ. ಮೊದಲನೆಯದು 6, 10, 14, 18, 22, 2ಕ್ಕೆ ತೆರೆಯುತ್ತದೆ. ಎರಡನೆಯದು 7, 13, 19, 1ಕ್ಕೆ. ಎಲ್ಲಿ ನೋಡಿದರೂ ಶುರುವಿನ ನಡುವೆ ಕನಿಷ್ಠ 1 ತಾಸು ಇದೆ, 40 ನಿಮಿಷ ಮುಗಿದ ಮೇಲೂ 20 ನಿಮಿಷ ಬಿಡುವು ಉಳಿಯುತ್ತದೆ. 4 ಮತ್ತು 6 ಎರಡೂ 24ನ್ನು ಭಾಗಿಸುವುದರಿಂದ ಮರುದಿನವೂ ಇದೇ ಹೊತ್ತು.

ಮುಂದೆ ಅವಧಿಯನ್ನು 4 ಮತ್ತು 5 ತಾಸಿಗೆ ಬದಲಿಸುವ ಆಲೋಚನೆ ಇದ್ದರೆ ಬೇಡ. ಮಸಾಅ 1 ಆಗುತ್ತದೆ, ಅರ್ಧ 30 ನಿಮಿಷ. ಹೇಗೆ ಇಟ್ಟರೂ 20 ತಾಸಿನೊಳಗೆ ಒಮ್ಮೆಯಾದರೂ ಶುರುಗಳ ಅಂತರ 30 ನಿಮಿಷಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುತ್ತದೆ. 40 ನಿಮಿಷದ ನೀರು ಅಲ್ಲಿ ಕೂಡಿಯೇ ಕೂಡುತ್ತದೆ.

ದ್ರಾಕ್ಷಿ_ಬಳ್ಳಿ

7ಕ್ಕ ಇಡ್ತೀನ್ರಿ. ಆದ್ರ ಕರೆಂಟ್ ಹೋಗಿ ಬಂದ್ರ ಟೈಮರ್ ಅಲ್ಲಿಂದ ಹೊಸದಾಗಿ ಎಣಸ್ತದೋ, ಗಡಿಯಾರ ಹಿಡದು ನಡೀತದೋ ನೋಡಿಲ್ಲ.

ಸ್ಲೇಟು_ಬಳಪ

ಅದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಕರೆಂಟ್ ಬಂದ ಗಳಿಗೆಯಿಂದ ಹೊಸದಾಗಿ ಎಣಿಸುವಂಥದ್ದಾದರೆ ಎರಡೂ ಒಂದೇ ಕ್ಷಣದಲ್ಲಿ ಶುರುವಾಗಿ ಅಂತರ 0 ಆಗಿಬಿಡುತ್ತದೆ, ಮತ್ತೆ 12 ತಾಸಿಗೊಮ್ಮೆ ಕೂಡುತ್ತವೆ. ಒಮ್ಮೆ ಮೇನ್ ಸ್ವಿಚ್ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಗೊತ್ತಾಗುತ್ತದೆ.

ಮಳೆಬಿಲ್ಲು_ಹಾಸನ

ಇನ್ನೊಂದು. "91, 147, 217ನ್ನು ಭಾಗಿಸಿದಾಗ ಒಂದೇ ಶೇಷ ಉಳಿಸುವ ಅತಿ ದೊಡ್ಡ ಸಂಖ್ಯೆ" ಎಂಬುದರಲ್ಲಿ ನೇರವಾಗಿ ಮಸಾಅ ತೆಗೆದರೆ 7 ಬರುತ್ತದೆ, ಉತ್ತರ 14 ಇದೆ.

ಸ್ಲೇಟು_ಬಳಪ

ಇದೂ ಗಂಟೆಯದೇ ಲೆಕ್ಕ. ಒಂದೇ ಗಂಟೆ 91, 147, 217ನೇ ನಿಮಿಷಗಳಲ್ಲಿ ಕೇಳಿಸಿತು. ನಡುವೆ ಬಾರಿಸಿದ್ದು ಕೇಳಿಸದೇ ಇರಬಹುದು. ಅದರ ಅವಧಿ ಹೆಚ್ಚೆಂದರೆ ಎಷ್ಟು? ಶುರುವಾದದ್ದು ಯಾವಾಗ ಎಂದು ಗೊತ್ತಿಲ್ಲ, ಗೊತ್ತಿರುವುದು ನಡುವಿನ ಅಂತರ ಮಾತ್ರ: 56 ಮತ್ತು 70. ಎರಡನ್ನೂ ಭಾಗಿಸುವ ಅತಿ ದೊಡ್ಡದು 14. ಶೇಷ ಮೂರಕ್ಕೂ 7. ನೇರ ಮಸಾಅದಿಂದ ಬಂದ 7 ಕೂಡ ಒಂದೇ ಶೇಷ ಉಳಿಸುತ್ತದೆ, ಶೇಷ 0. ಆದರೆ ಅತಿ ದೊಡ್ಡದಲ್ಲ.

ಪೇಡಾ_ಪ್ರಿಯ

ಮೊದಲ ಲೆಕ್ಕದ ಬಗ್ಗೆ ನನ್ನದೊಂದು ತಕರಾರು ಉಳಿದಿದೆ. "12:00ರವರೆಗೆ" ಅಂದರೆ 12:00 ಸೇರುವುದಿಲ್ಲ ಅಂತ ನನ್ನ ವಾದ. ಹಾಗಾದರೆ 6:00 ಸೇರಿಸಿದರೂ 5 ಆಗಬೇಕು.

ಸ್ಲೇಟು_ಬಳಪ

ಸೇರುತ್ತದೆ ಎಂದೇ ನಾನು ಓದುತ್ತೇನೆ, ಕೊಟ್ಟಿರುವ ಉತ್ತರವೂ ಹಾಗೇ ಓದಿದೆ. ಆದರೆ ಪ್ರಶ್ನೆ ಬರೆದವರು "12:00 ಸೇರಿದಂತೆ" ಎಂದು ಸ್ಪಷ್ಟವಾಗಿ ಹೇಳಬೇಕಿತ್ತು. ಕೊನೆಯ ಹೊತ್ತು ಸರಿಯಾಗಿ ಗಡಿಯ ಮೇಲೇ ಬಿದ್ದಾಗ ಮಾತ್ರ ಈ ಜಗಳ ಬರುತ್ತದೆ. 11:30ರವರೆಗೆ ಎಂದಿದ್ದರೆ ಯಾರು ಎಣಿಸಿದರೂ ಐದೇ.

ಪೇಡಾ_ಪ್ರಿಯ

ಪರೀಕ್ಷೆಯಲ್ಲಿ 5 ಮತ್ತು 6 ಎರಡೂ ಆಯ್ಕೆಯಲ್ಲಿ ಇದ್ದರೆ?

ಸ್ಲೇಟು_ಬಳಪ

6 ಗುರುತು ಮಾಡಿ. ಕೀ ಉತ್ತರ 5 ಬಂದರೆ ಆಕ್ಷೇಪಣೆ ಸಲ್ಲಿಸುವಾಗ ಆರು ಹೊತ್ತುಗಳ ಪಟ್ಟಿಯನ್ನೇ ಬರೆದು ಕೊಡಿ.