‘ಅಜ್ಜಿ ಮನೆ’ ಗ್ರೂಪಿನಲ್ಲಿ ಒಂದು ಕೂಪನ್ ಜಗಳ

ಭಾನುವಾರ ಬೆಳಿಗ್ಗೆ ಸುಮತ್ತೆ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಹಾಕಿದರು. ಮೈಸೂರಿನ ಅಜ್ಜಿ ಮನೆಗೆ ದಿನಸಿ ತರಿಸುವ ಆ್ಯಪ್‌ನದು. ಎರಡು ಕೂಪನ್ ಇದ್ದವು: `20% OFF up to ₹150, min ₹299` ಮತ್ತು `FLAT ₹200 OFF, min ₹999`. ಒಂದು ಆರ್ಡರಿಗೆ ಒಂದೇ ಕೂಪನ್.

ಸುಮತ್ತೆ: ಅಮ್ಮನ ಪಟ್ಟಿ ಎಲ್ಲ ಸೇರಿಸಿ 965 ರೂಪಾಯಿ ಆಯ್ತು. ಯಾವುದು ಹಾಕ್ಲಿ? ಬೇಗ ಹೇಳಿ, ಒಲೆ ಮೇಲೆ ಹಾಲಿದೆ.

ದೊಡ್ಡಪ್ಪ: ಇದರಲ್ಲಿ ಕೇಳೋದೇನಿದೆ ಸುಮಾ? ಪರ್ಸೆಂಟ್ ಹಾಕು. ಬಿಲ್ ಬೆಳೆದಂಗೆ ರಿಯಾಯಿತಿನೂ ಬೆಳೀತದೆ. ಇನ್ನೊಂದು ನಿಂತ ನೀರು.

ಕಿರಣಣ್ಣ: ಅಪ್ಪ, ಯಾವಾಗಲೂ ಹಾಗಲ್ಲ. ಸುಮತ್ತೆ ಸೀರೆ ಕಥೆ ಮರೆತ್ರಾ?

ಸುಮತ್ತೆ: ಅದನ್ನ ಎತ್ತಬೇಡ ಕಿರಣ.

ಕಿರಣಣ್ಣ: ಎತ್ತಲೇಬೇಕು ಅತ್ತೆ. 4,200ರ ಸೀರೆ. ಅಂಗಡಿಯಲ್ಲಿ ನೂರಕ್ಕೆ ಹತ್ತು ಕಮ್ಮಿ, ಇಲ್ಲಾಂದ್ರೆ ಸೀದಾ 500 ಕಮ್ಮಿ ಅಂದ್ರು. ನೀವು ಹತ್ತು ಪರ್ಸೆಂಟ್ ತಗೊಂಡ್ರಿ, ಸಿಕ್ಕಿದ್ದು 420. ಎಂಬತ್ತು ರೂಪಾಯಿ ಹೋಯ್ತು. ಹತ್ತು ಪರ್ಸೆಂಟ್ ಅಂದ್ರೆ ಹತ್ತರಲ್ಲೊಂದು ಪಾಲು, 500ರ ಹತ್ತರಷ್ಟು 5,000. ಸೀರೆ 5,000 ದಾಟಿದ್ರೆ ಪರ್ಸೆಂಟ್ ಲಾಭ, ಕೆಳಗಿದ್ರೆ 500 ಲಾಭ.

ದೊಡ್ಡಪ್ಪ: ಹಾಗಾದ್ರೆ ಇಲ್ಲೂ ಅದೇ ಲೆಕ್ಕ ಹಾಕು. ಇಪ್ಪತ್ತು ಪರ್ಸೆಂಟ್ ಅಂದ್ರೆ ಐದರಲ್ಲೊಂದು. 200ರ ಐದರಷ್ಟು 1,000. ಸಾವಿರ ದಾಟಿದ್ರೆ ನನ್ನ ಪರ್ಸೆಂಟ್ ಗೆಲ್ತದೆ. 1,400ರ ಬಿಲ್ಲಿಗೆ 280 ಸಿಗ್ತದೆ!

ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವರು, ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿದ್ದು ಓದುವುದರಲ್ಲಿ. ನಾನು ಸ್ಕ್ರೀನ್‌ಶಾಟ್ ಮೇಲೆ ಕೆಂಪು ಗುಂಡು ಹಾಕಿ ಮತ್ತೆ ಕಳಿಸಿದೆ.

ನಾನು: ದೊಡ್ಡಪ್ಪ, `up to ₹150` ನೋಡಿ. ಆ ಪರ್ಸೆಂಟ್ 750 ರೂಪಾಯಿ ಬಿಲ್ಲಿಗೇ 150 ಮುಟ್ಟಿ ನಿಂತುಬಿಡ್ತದೆ. ಆಮೇಲೆ ಬಿಲ್ 1,400 ಆಗ್ಲಿ, 4,000 ಆಗ್ಲಿ, ಅಷ್ಟೇ. 750 ಆದ್ಮೇಲೆ ಅದೂ ನಿಂತ ನೀರೇ, 200ಕ್ಕಿಂತ ಸಣ್ಣ ಹೊಂಡ.

ಪುಟ್ಟಿ: 😂😂

ದೊಡ್ಡಪ್ಪ: ಅಷ್ಟು ಸಣ್ಣ ಅಕ್ಷರದಲ್ಲಿ ಬರೆದ್ರೆ ನನಗೆ ಹೇಗೆ ಕಾಣಬೇಕು?

ನಾನು: ಇಲ್ಲಿ ಸಾವಿರದ ಗಡಿ ಅನ್ನೋದೇ ಇಲ್ಲ. 299ರಿಂದ 998ರವರೆಗೆ ಪರ್ಸೆಂಟ್ ಒಂದೇ ಗತಿ, ಯಾಕಂದ್ರೆ 200ರದ್ದು ತೆರೆಯೋದೇ ಇಲ್ಲ. 999 ಆದ್ರೆ 200ರದ್ದೇ, ಎಷ್ಟು ದೊಡ್ಡ ಬಿಲ್ ಆದ್ರೂ ಐವತ್ತು ರೂಪಾಯಿ ಜಾಸ್ತಿ.

ಸುಮತ್ತೆ: ನನ್ನದು 965. ಅಂದ್ರೆ ಅಣ್ಣ ಹೇಳಿದ್ದೇ ಸರಿ ಆಯ್ತಲ್ಲ?

ದೊಡ್ಡಪ್ಪ: ನೋಡಿದ್ಯಾ.

ಅಮ್ಮ: ಇರಿ ಭಾವ. ಸುಮಾ, 40 ರೂಪಾಯಿಯ ಹಪ್ಪಳದ ಪ್ಯಾಕೆಟ್ ಒಂದು ಸೇರಿಸಿ ನೋಡು. 1,005 ಆಗ್ತದೆ, 200 ಕಳೆದ್ರೆ 805. ಹಪ್ಪಳ ಇಲ್ದೆ ಪರ್ಸೆಂಟ್ ಹಾಕಿದ್ರೆ 965ರಲ್ಲಿ 150 ಹೋಗಿ 815. ಹತ್ತು ರೂಪಾಯಿ ಕಮ್ಮಿ ಕೊಟ್ಟು ಹಪ್ಪಳ ಮನೆಗೆ ಬರ್ತದೆ.

ಇಲ್ಲಿ ಎರಡು ನಿಮಿಷ ಗ್ರೂಪಿನಲ್ಲಿ ಯಾರದೂ ಸದ್ದಿಲ್ಲ. ಅಮ್ಮ ದುಡ್ಡಿನ ವಿಷಯಕ್ಕೆ ಬಾಯಿ ಹಾಕುವುದೇ ಅಪರೂಪ.

ಕಿರಣಣ್ಣ: ಚಿಕ್ಕಮ್ಮ ಸೂಪರ್. ಎಲ್ಲಿಂದ ಇದು ಲಾಭ ಅಂತಾನೂ ಹೇಳಬಹುದು. 999 ಮುಟ್ಟಿಸಿದ್ರೆ ಕೈಯಿಂದ ಹೋಗೋದು 799. ಪರ್ಸೆಂಟ್ ಹಾಕಿ ಅದೇ 799 ಬರಬೇಕಾದ್ರೆ ಬಿಲ್ 949 ಇರಬೇಕು. ಅದಕ್ಕೇ 949 ದಾಟಿದವರು ಸುಮ್ನೆ ಏನಾದ್ರೂ ಸೇರಿಸಿ 999 ಮಾಡ್ಕೊಳ್ಳೋದೇ ವಾಸಿ. 900 ಇದ್ದವರು ಸೇರಿಸಿದ್ರೆ ಕೈಯಿಂದ 49 ಜಾಸ್ತಿ ಹೋಗ್ತದೆ. ಆ ಸಾಮಾನು ಬೇಕಿದ್ರೆ ಮಾತ್ರ ಸರಿ.

ಪುಟ್ಟಿ: ಅಮ್ಮಾ, ಬಿಲ್ ಒಡೆದುಬಿಡು! ಅರ್ಧ ನಿನ್ನ ಫೋನಿಂದ, ಅರ್ಧ ನನ್ನ ಫೋನಿಂದ. ಎರಡರಲ್ಲೂ 20 ಪರ್ಸೆಂಟ್, 150 ಮುಟ್ಟೋದೇ ಇಲ್ಲ. ಒಟ್ಟು 193 ಉಳೀತದೆ 😎

ನಾನು: ಡೆಲಿವರಿ 30 ರೂಪಾಯಿ ಎರಡು ಸಲ ಬೀಳ್ತದೆ ಪುಟ್ಟಿ. 193ರಲ್ಲಿ ಆ ಜಾಸ್ತಿ 30 ಕಳೆದ್ರೆ 163. ಒಂದೇ ಬಿಲ್ಲಿಗೆ ಪರ್ಸೆಂಟ್ ಹಾಕಿದ್ರೂ 150 ಬರ್ತಿತ್ತು. ಹದಿಮೂರು ರೂಪಾಯಿಗೆ ಅಜ್ಜಿ ಮಂಡಿನೋವಲ್ಲಿ ಎರಡು ಸಲ ಎದ್ದು ಬಾಗಿಲು ತೆಗೀಬೇಕು.

ದೊಡ್ಡಪ್ಪ: ಒಡೆಯೋದೂ ಬೇಡ, ಕೂಡಿಸೋದೂ ಬೇಡ. ಹಪ್ಪಳ ಹಾಕಿ ಮುಗಿಸು ಸುಮಾ.

ಹತ್ತು ನಿಮಿಷ ಬಿಟ್ಟು ಸುಮತ್ತೆ ಇನ್ನೊಂದು ಸ್ಕ್ರೀನ್‌ಶಾಟ್ ಹಾಕಿದರು. ಬುಟ್ಟಿಯಲ್ಲಿ 1,005 ರೂಪಾಯಿಯ ಸಾಮಾನು, 200ರ ಕೂಪನ್ ಪಕ್ಕದಲ್ಲಿ ಬೂದು ಬಣ್ಣದಲ್ಲಿ `Add ₹139 more`.

ಸುಮತ್ತೆ: ಇದೇನಿದು? ಸಾವಿರ ದಾಟಿದೆಯಲ್ಲ! ಮೋಸ ಇದು.

ದೊಡ್ಡಪ್ಪ: ಅದಕ್ಕೇ ನಾನು ಹೇಳಿದ್ದು, ಪರ್ಸೆಂಟ್ ಹಾಕು ಅಂತ.

ಕಿರಣಣ್ಣ: ಅತ್ತೆ, ಕೂಪನ್ ಕೆಳಗಿನ ‘ಷರತ್ತು’ ಒತ್ತಿ. ಅಡುಗೆ ಎಣ್ಣೆ ಇದಕ್ಕೆ ಸೇರಲ್ಲ ಅಂತ ಇದ್ಯಾ?

ಸುಮತ್ತೆ: ಹೌದು, ಎಣ್ಣೆ, ಹಾಲು, ಶಿಶು ಆಹಾರ ಸೇರಲ್ಲ ಅಂತಿದೆ. ಎಣ್ಣೆ 145.

ಕಿರಣಣ್ಣ: ಅಷ್ಟೇ. 1,005ರಲ್ಲಿ 145 ತೆಗೆದ್ರೆ 860. 999ಕ್ಕೆ ಇನ್ನೂ 139 ಬೇಕು. ಆ್ಯಪ್ ಅದನ್ನೇ ಕೇಳ್ತಿರೋದು. ಮೋಸ ಅಲ್ಲ, ಆದ್ರೆ ಬುಟ್ಟಿ ಮೊತ್ತದ ಪಕ್ಕದಲ್ಲೇ ಹೇಳಬಹುದಿತ್ತು.

ನಾನು: ಹಾಗಾದ್ರೆ ಅಮ್ಮನ ಲೆಕ್ಕ ಇಲ್ಲಿ ನಡೆಯಲ್ಲ. ಹಪ್ಪಳ ತೆಗೆದು ಪರ್ಸೆಂಟ್ ಹಾಕಿದ್ರೆ, ಎಣ್ಣೆ ಬಿಟ್ಟು 820, ಅದರ ಇಪ್ಪತ್ತು ಪರ್ಸೆಂಟ್ 164, ಸಿಗೋದು 150. ಕೊಡೋದು 815. ಇಲ್ಲ, ಹಪ್ಪಳನೂ ಇರ್ಲಿ, ಇನ್ನೊಂದು 140ರದ್ದು ಸೇರಿಸಿದ್ರೆ 1,145, 200 ಹೋಗಿ 945. ಅಂದ್ರೆ 130 ಜಾಸ್ತಿ ಕೊಟ್ಟು 180ರ ಸಾಮಾನು.

ಅಮ್ಮ: ಬೇಡದ ಸಾಮಾನಿಗೆ 130 ಖರ್ಚೇ. ಮುಂದಿನ ವಾರ ಹೇಗೂ ತರೋದಿದ್ರೆ ಮಾತ್ರ ಐವತ್ತು ಉಳಿತಾಯ. ಅತ್ತೇನ ಕೇಳು ಸುಮಾ, ಏನು ಮುಗೀತಾ ಇದೆ ಅಂತ.

ದೊಡ್ಡಪ್ಪ: ಅಮ್ಮನ್ನ ಕೇಳಿದ್ರೆ ಎಲ್ಲಾ ಇದೆ ಅಂತಾಳೆ.

ಸುಮತ್ತೆ: ಕೇಳಿದೆ. ಎಲ್ಲಾ ಇದೆಯಂತೆ. ಕಾಫಿಪುಡಿ ಮಾತ್ರ ಬುಧವಾರದ ತನಕ ಬಂದ್ರೆ ಹೆಚ್ಚಂತೆ.

ಪುಟ್ಟಿ: ಕಾಫಿಪುಡಿ 140! 200 ಗ್ರಾಂ!

ಕಿರಣಣ್ಣ: ಹಾಕಿಬಿಡಿ ಅತ್ತೆ. 860ಕ್ಕೆ 140 ಸೇರಿ ಸರಿಯಾಗಿ 1,000. ಒತ್ತೋ ಮುಂಚೆ 200 ಕಳೆದಿದೆಯಾ ನೋಡ್ಕೊಳ್ಳಿ.

ಸುಮತ್ತೆ: ಕಳೆದಿದೆ. 945, ಡೆಲಿವರಿ ಸೇರಿ 975. ಆರ್ಡರ್ ಆಯ್ತು. ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿದೆ.

ದೊಡ್ಡಪ್ಪ: ಆ ಹಾಲಿನ ದುಡ್ಡು ಯಾವ ಕೂಪನ್‌ನಲ್ಲಿ ಕಳೀತೀರಿ?

ಸುಮತ್ತೆ: ಅಣ್ಣ, ನೀನು ಸುಮ್ನಿರು. ಅಮ್ಮ ಕೇಳ್ತಿದ್ದಾಳೆ, ಚಿಕೋರಿ ಎಷ್ಟಿದೆ ಅಂತ ನೋಡಿದ್ರಾ ಯಾರಾದ್ರೂ?