ಸಹಾಯ ಬೇಕು: ಸೈಟು ಮಾರಿದ್ದು 30 ಲಕ್ಷಕ್ಕೆ, ಸರ್ಕಾರಿ ಮಾರ್ಗಸೂಚಿ ಬೆಲೆ 36 ಲಕ್ಷ

ಎಲ್ಲರಿಗೂ ನಮಸ್ಕಾರ. ಸಾಗರ ಪಟ್ಟಣದೊಳಗಿನ ಅಲಿನೇಷನ್ ಆದ ಸೈಟು, 2025ರ ನವೆಂಬರ್‌ನಲ್ಲಿ ನೋಂದಣಿ ಆಗಿದೆ. ಹಿಂದಿನ ಅರ್ಧ ಕಡಿದಾದ ಧರೆ, ಮಳೆಗಾಲದಲ್ಲಿ ಮಣ್ಣು ಜರಿಯುತ್ತೆ. ಹಾಗಾಗಿ 30 ಲಕ್ಷಕ್ಕಿಂತ ಹೆಚ್ಚಿಗೆ ಯಾರೂ ಕೇಳಲಿಲ್ಲ. ಮಾರ್ಗಸೂಚಿ ಬೆಲೆಗೆ ಧರೆಯೂ ಒಂದೇ, ಸಮತಟ್ಟೂ ಒಂದೇ.

ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 50ಸಿ ಪ್ರಕಾರ ಶೇ. 10ರವರೆಗೆ, ಅಂದರೆ 33 ಲಕ್ಷದವರೆಗೆ ವಿನಾಯಿತಿ. ಅದು ದಾಟಿರುವುದರಿಂದ ಪೂರ್ತಿ 36 ಲಕ್ಷವೇ ಮಾರಾಟದ ಬೆಲೆ ಎಂದಾಗುತ್ತೆ. 2023ರ ಆಗಸ್ಟ್‌ನಲ್ಲೇ ಕರಾರು ಆಗಿತ್ತು, ಆಗಿನ ಮಾರ್ಗಸೂಚಿ ಬೆಲೆ 31 ಲಕ್ಷ. ಆದರೆ ಮುಂಗಡ ಬ್ಯಾಂಕಿಗೆ ಬಂದದ್ದು ಕರಾರಿನ ವಾರದ ನಂತರ. ಕರಾರಿನ ದಿನ ಅಥವಾ ಅದಕ್ಕೆ ಮೊದಲೇ ಬಂದಿರಬೇಕಿತ್ತು, ಹಾಗಾಗಿ ಕರಾರಿನ ದಿನದ ಬೆಲೆ ಹಿಡಿಯುವ ದಾರಿ ಮುಚ್ಚಿದೆ.

ಉಳಿದದ್ದು, ತೆರಿಗೆ ಅಧಿಕಾರಿಯನ್ನು ಕೇಳಿ ಬೆಲೆಯ ವಿಷಯವನ್ನು ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಕಳಿಸುವಂತೆ ಮಾಡುವುದು. ಅವರು 36ಕ್ಕಿಂತ ಹೆಚ್ಚು ಹೇಳಿದರೂ 36ಕ್ಕೇ ನಿಲ್ಲುತ್ತೆ, ಆ ಭಯ ಇಲ್ಲ. ತೊಡಕು ರಿಟರ್ನ್‌ನಲ್ಲಿ: ಎರಡೂ ಬೆಲೆ ತುಂಬಿದರೆ ಫಾರ್ಮ್ 36 ಲಕ್ಷವನ್ನೇ ತೆಗೆದುಕೊಳ್ಳುತ್ತೆ, ಆಕ್ಷೇಪ ಬರೆಯಲು ಜಾಗವಿಲ್ಲ.

ಇದನ್ನು ಮಾಡಿಸಿದವರು ಅಥವಾ ಸಿಎಗಳು ದಯವಿಟ್ಟು ತಿಳಿಸಿ: 36ರ ಮೇಲೆ ತೆರಿಗೆ ಕಟ್ಟಿ ಆಮೇಲೆ ಆಕ್ಷೇಪ ಎತ್ತಿದಿರಾ? ಧರೆಗೆ ಪುರಾವೆಯಾಗಿ ನೋಂದಾಯಿತ ಮೌಲ್ಯಮಾಪಕರ ವರದಿ, ಫೋಟೋ ಬಿಟ್ಟು ಬೇರೇನು ಕೇಳಿದರು? ಕೊಂಡವರಿಗೂ ಆ 6 ಲಕ್ಷ ಆದಾಯವೆಂದು ಸೇರುತ್ತೆ, ಅವರೂ ಇದೇ ವರದಿ ಬಳಸಬಹುದೇ?